ಆಲೂಗಡ್ಡೆ ಹೋಳು ಕಪ್ಪಾಯಿತು, ಬೇಯಿಸಿದ ನೀರು ಮಾತ್ರ ನೀಲಿಯಾಗಲಿಲ್ಲ

ಕೇಳಿದ್ದು: "ಆಲೂಗಡ್ಡೆ ಹೋಳಿನ ಮೇಲೆ ಅಯೋಡಿನ್ ಬಿಟ್ಟರೆ ಕಪ್ಪಾಗುತ್ತದೆ. ಆದರೆ ಅದೇ ಆಲೂಗಡ್ಡೆ ಬೇಯಿಸಿದ ನೀರಿಗೆ ಹಾಕಿದರೆ ಬಣ್ಣವೇ ಬರುತ್ತಿಲ್ಲ. ನಾಳೆ ಮಕ್ಕಳಿಗೆ ತೋರಿಸಬೇಕು. ಯಾರಿಗಾದರೂ ಹೀಗಾಗಿದೆಯಾ?"

ಹಳೆ ಬಾಟಲಿ: ನಿಮ್ಮ ಅಯೋಡಿನ್ ಸತ್ತಿದೆ. ಮುಚ್ಚಳ ಸಡಿಲವಿದ್ದರೆ ಆವಿಯಾಗಿ ಹೋಗುತ್ತದೆ. ನನ್ನ ಬಾಟಲಿ ಹಾಗೇ ಬಿಳಿಚಿಕೊಂಡಿತ್ತು, ಹೊಸದು ತಂದ ಮೇಲೆ ಸರಿಹೋಯಿತು.

ಲ್ಯಾಬ್ ಮೂಲೆ: ಆವಿಯಾಗುವುದು ನಿಜ. ಆದರೆ ಸತ್ತಿದ್ದರೆ ಹೋಳು ಹೇಗೆ ಕಪ್ಪಾಗುತ್ತಿತ್ತು? ನೀರು ಬಿಸಿ ಇದ್ದಾಗಲೇ ಹಾಕಿದಿರಿ, ಅಲ್ವಾ? ನನಗೂ ಒಮ್ಮೆ ಇದೇ ಆಯಿತು. ಇಡೀ ತರಗತಿ ನೋಡುತ್ತಿತ್ತು, ಟೆಸ್ಟ್ ಟ್ಯೂಬಿನಲ್ಲಿ ತಿಳಿ ಹಳದಿ ಬಿಟ್ಟು ಏನೂ ಇಲ್ಲ. ಬೇಜಾರಿನಿಂದ ಸ್ಟ್ಯಾಂಡಿಗೆ ಸಿಕ್ಕಿಸಿ ಪಾಠಕ್ಕೆ ಹೋದೆ. ಗಂಟೆ ಹೊಡೆಯುವ ಹೊತ್ತಿಗೆ ಟ್ಯೂಬು ಕಡುನೀಲಿ!

ಅಯೋಡಿನ್ ಬಣ್ಣ ಕೊಡುವುದು ಆಲೂಗಡ್ಡೆಯಲ್ಲಿರುವ ಪಿಷ್ಟಕ್ಕೆ. ಪಿಷ್ಟದ ಉದ್ದನೆಯ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಅದರ ಒಳಗೆ ಅಯೋಡಿನ್ ಸಾಲಾಗಿ ಕೂತರೆ ನೀಲಿ. ಬಿಸಿಯಲ್ಲಿ ಆ ಹಿಡಿತ ಸಡಿಲವಾಗಿ ಅಯೋಡಿನ್ ಹೊರಬರುತ್ತದೆ, ಬಣ್ಣ ಹೋಗುತ್ತದೆ. ತಣ್ಣಗಾದರೆ ಮತ್ತೆ ಒಳಗೆ.

ನಾಳೆ ಹೀಗೆ ಮಾಡಿ. ಬೇಯಿಸಿದ ನೀರು ಸುಮಾರು 5 ಮಿ.ಲೀ. ತೆಗೆದುಕೊಂಡು, ಟ್ಯೂಬಿನ ಹೊರಮೈ ನಲ್ಲಿ ನೀರಿಗೆ ಹಿಡಿದು ಪೂರ್ತಿ ತಣಿಸಿ. ಆಮೇಲೆ ಎರಡು ಹನಿ ಅಯೋಡಿನ್. ಇನ್ನೊಂದು ಟ್ಯೂಬಿನಲ್ಲಿ ಬರೀ ನೀರಿಗೂ ಎರಡು ಹನಿ, ಹೋಲಿಸಿ ನೋಡಲು. ನೀಲಿ ಬಂದ ಟ್ಯೂಬನ್ನು ಬಿಸಿನೀರಿನ ಬೀಕರಿನಲ್ಲಿ ಇಡಿ. ಬಣ್ಣ ತೆಳುವಾಗುತ್ತಾ ಹೋಗುತ್ತದೆ, ಹೊರಗೆ ತೆಗೆದು ತಣಿಸಿದರೆ ಮರಳಿ ಬರುತ್ತದೆ. ತುಂಬಾ ಹೊತ್ತು ಕುದಿಸಬೇಡಿ. ಅಯೋಡಿನ್ ಹಾರಿಹೋದರೆ ತಣಿಸಿದರೂ ಬಣ್ಣ ಬರುವುದಿಲ್ಲ. ಹಾಗಾದರೆ ಒಂದು ಹನಿ ಹೊಸದಾಗಿ ಹಾಕಿ ನೋಡಿ, ಗೊತ್ತಾಗುತ್ತದೆ.

ಎಲೆಹಸಿರು: ಎಲೆಯಲ್ಲಿ ಪಿಷ್ಟ ನೋಡಲು ಅಯೋಡಿನ್ ಹಾಕಿದಾಗ ನನಗೂ ಬಣ್ಣ ಬರಲಿಲ್ಲ, ಎಲೆ ಕಂದಾಗಿಯೇ ಉಳಿಯಿತು. ಸ್ಪಿರಿಟ್‌ನಲ್ಲಿ ಇನ್ನೂ ಸ್ವಲ್ಪ ಹೊತ್ತು ಇಟ್ಟು ಹಸಿರು ಪೂರ್ತಿ ತೆಗೆಯಿರಿ. ಬೀಕರನ್ನು ನೇರ ಉರಿಯ ಮೇಲೆ ಇಡಬೇಡಿ, ಬಿಸಿನೀರಿನೊಳಗೇ ಇಡಿ.

ಲ್ಯಾಬ್ ಮೂಲೆ: ಅವರು ಕೇಳಿದ್ದು ಆಲೂಗಡ್ಡೆ ವಿಷಯ ಸರ್. ಅಂದಹಾಗೆ, ನಿಮ್ಮ ಗಿಡವನ್ನು ಮೊದಲು ಬಿಸಿಲಿಗೆ ಇಟ್ಟಿದ್ದಿರಾ? ಕತ್ತಲಲ್ಲಿದ್ದ ಗಿಡದ ಎಲೆಯಲ್ಲಿ ಪಿಷ್ಟ ಇರದಿದ್ದರೆ ಕಂದು ಬಣ್ಣವೇ ಸರಿಯಾದ ಉತ್ತರ.

ಎಲೆಹಸಿರು: ಓ... ಗಿಡ ಎರಡು ದಿನ ಬೀರುವಿನಲ್ಲಿತ್ತು.

ಕೇಳಿದವರು: ತಣಿಸಿ ಹಾಕಿದೆ, ಬಂತು! ಸುಮ್ನೆ ಬಾಟಲಿಯನ್ನು ಬೈದೆ. ಆದರೆ ಅಷ್ಟು ನೀಲಿಯಿಲ್ಲ, ನೇರಳೆಯ ಕಡೆಗಿದೆ.

ಹಳೆ ಬಾಟಲಿ: ಅಯೋಡಿನ್ ಜಾಸ್ತಿ ಆಯಿತು.

ಲ್ಯಾಬ್ ಮೂಲೆ: ಇರಬಹುದು, ಹಳದಿ ಬೆರೆತರೆ ಬಣ್ಣ ಕೆಡುತ್ತದೆ. ಪಿಷ್ಟದಲ್ಲಿ ಕವಲೊಡೆದ ಎಳೆಗಳೂ ಇವೆ, ಅವು ಕೆಂಪು-ನೇರಳೆ ಕೊಡುತ್ತವೆ. ನಿಮ್ಮದು ಯಾವುದೆಂದು ಇಲ್ಲಿಂದ ಹೇಳಲಾರೆ. ಒಂದೇ ಹನಿ ಹಾಕಿ ಇನ್ನೊಮ್ಮೆ ನೋಡಿ.