ಒಂಬತ್ತು ವರ್ಷಕ್ಕೆ ದುಪ್ಪಟ್ಟು: ಕಾಕಾ ಹಂಚಿಕೊಂಡ ಜಾಹೀರಾತು

ಶರಣಪ್ಪ ಕಾಕಾ: (ಚಿತ್ರ) "ನಿಮ್ಮ ಠೇವಣಿ 9 ವರ್ಷಗಳಲ್ಲಿ ದುಪ್ಪಟ್ಟು! ವಾರ್ಷಿಕ ಲಾಭ ಶೇ. 11.11"

ಶರಣಪ್ಪ ಕಾಕಾ: ಎಲ್ಲರಿಗೂ ಶರಣು. ಗಂಜಿನಲ್ಲಿ ತೊಗರಿ ಮಾರಿದ ಹಣ ನಾಲ್ಕು ಲಕ್ಷ ಕೈಯಲ್ಲಿದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ ಏಳೂವರೆ ಬಡ್ಡಿ, ಈ ಪತ್ತಿನ ಸಂಘ ಹನ್ನೊಂದು ಕೊಡುತ್ತದೆ. ಸೋಮವಾರ ಕಲಬುರಗಿಗೆ ಹೋಗಿ ಇಟ್ಟು ಬರುತ್ತೇನೆ.

ನಾಗಮ್ಮ ಅತ್ತೆ: ಒಳ್ಳೆಯದಾಗಲಿ ತಮ್ಮಾ. ನನ್ನ ಹತ್ತಿರ ಇದ್ದಿದ್ದರೆ ನಾನೂ ಇಡುತ್ತಿದ್ದೆ.

ಸಂಗೀತಾ: ಕಾಕಾ, ಸೋಮವಾರದವರೆಗೆ ತಡೆಯಿರಿ. ಅದು ಹನ್ನೊಂದರ ಬಡ್ಡಿಯಲ್ಲ, ಎಂಟರ ಬಡ್ಡಿ. ಎಷ್ಟು ವರ್ಷಕ್ಕೆ ದುಪ್ಪಟ್ಟು ಎನ್ನುತ್ತಾರೋ ಆ ಸಂಖ್ಯೆಯಿಂದ 72ನ್ನು ಭಾಗಿಸಿ, ಬಡ್ಡಿಯ ದರ ಸಿಗುತ್ತದೆ. 72 ÷ 9 = 8.

ಶರಣಪ್ಪ ಕಾಕಾ: ನಾಲ್ಕು ಲಕ್ಷಕ್ಕೆ ನಾಲ್ಕು ಲಕ್ಷ ಬಡ್ಡಿ. ಒಂಬತ್ತರಿಂದ ಭಾಗಿಸಿದರೆ ವರ್ಷಕ್ಕೆ 44,444 ರೂಪಾಯಿ. ನಾಲ್ಕು ಲಕ್ಷಕ್ಕೆ ಅದು ಶೇ. 11.11 ಆಗಲೇಬೇಕು. ಇದು ಐದನೇ ತರಗತಿಯ ಲೆಕ್ಕ, ಇದರಲ್ಲಿ 72 ಎಲ್ಲಿಂದ ಬಂತು?

ಸಂಗೀತಾ: ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ. ಒಂದು ಮಾತು ಹೇಳಿ. ಆ 44,444 ರೂಪಾಯಿಯನ್ನು ಪ್ರತಿ ವರ್ಷ ನಿಮ್ಮ ಕೈಗೆ ಕೊಡುತ್ತಾರೆಯೇ?

ಶರಣಪ್ಪ ಕಾಕಾ: ಇಲ್ಲ. ಒಂಬತ್ತು ವರ್ಷ ಮುಟ್ಟುವ ಹಾಗಿಲ್ಲ. ಕೊನೆಗೆ ಎಂಟು ಲಕ್ಷ ಒಟ್ಟಿಗೆ.

ಸಂಗೀತಾ: ವ್ಯತ್ಯಾಸ ಇರುವುದು ಅಲ್ಲಿಯೇ. ವರ್ಷ ವರ್ಷವೂ ಕೈಗೆ ಕೊಟ್ಟಿದ್ದರೆ 11.11 ಎನ್ನುವುದು ನಿಜವಾಗುತ್ತಿತ್ತು. ಆದರೆ ಮೊದಲ ವರ್ಷದ ಬಡ್ಡಿ ಎಂಟು ವರ್ಷ ಅವರ ಬಳಿಯೇ ಇರುತ್ತದೆ, ಎರಡನೆಯ ವರ್ಷದ್ದು ಏಳು ವರ್ಷ. ಆ ಹಣಕ್ಕೆ ಅವರು ಬಿಡಿಗಾಸು ಬಡ್ಡಿಯನ್ನೂ ಕೊಡುತ್ತಿಲ್ಲ. ಅಂಚೆ ಕಚೇರಿಯ ಏಳೂವರೆ ಹಾಗಲ್ಲ, ಅದು ಬಡ್ಡಿಗೂ ಬಡ್ಡಿ ಸೇರಿಸುವ ಚಕ್ರಬಡ್ಡಿ. ಇದನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವುದು ಸೇರನ್ನು ಕಿಲೋ ಜೊತೆ ಹೋಲಿಸಿದಂತೆ. ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. 72 ಮಾಡುವ ಕೆಲಸ ಅಷ್ಟೇ.

ಶರಣಪ್ಪ ಕಾಕಾ: ಬಾಯಿಮಾತಿಗೆ ನಾನು ಒಪ್ಪುವುದಿಲ್ಲ.

ಸಂಗೀತಾ: ಒಪ್ಪಬೇಡಿ. ಕಾಗದ ತೆಗೆದುಕೊಳ್ಳಿ. ಒಂದು ಲಕ್ಷದಿಂದ ಶುರು ಮಾಡಿ, ಪ್ರತಿ ವರ್ಷ ಇರುವ ಮೊತ್ತಕ್ಕೆ ಶೇ. 8 ಸೇರಿಸುತ್ತಾ ಹೋಗಿ. ಒಂಬತ್ತನೆಯ ವರ್ಷ ಏನು ಬರುತ್ತದೆ, ಬರೆಯಿರಿ.

ವೀರೇಶ: ಅಕ್ಕಾ, ಈ ಸೂತ್ರವೇ ತಪ್ಪು. ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಎಂದುಕೊಳ್ಳಿ. ಹಣ ಸರಿಯಾಗಿ ಒಂದು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ನಿಮ್ಮ ಸೂತ್ರದಂತೆ 0.72 ವರ್ಷ, ಅಂದರೆ ಒಂಬತ್ತು ತಿಂಗಳೂ ಬೇಡ. ಅದೂ ಅಲ್ಲದೆ, ಗಣಿತದ ಪ್ರಕಾರ ಆ ಸಂಖ್ಯೆ 69.3 ಇರಬೇಕು.

ಸಂಗೀತಾ: ನೀನು ಹಿಡಿದ ತಪ್ಪು ನಿಜವಾದದ್ದು ವೀರೇಶ. 69.3 ಬರುವುದು ಬಡ್ಡಿ ಕ್ಷಣಕ್ಷಣಕ್ಕೂ ಅಸಲಿಗೆ ಸೇರುತ್ತಿದ್ದರೆ. ವರ್ಷಕ್ಕೊಮ್ಮೆ ಸೇರುವಾಗ ಸಂಖ್ಯೆ ಸ್ವಲ್ಪ ಮೇಲೆ ಹೋಗಬೇಕು, ದರ ಹೆಚ್ಚಿದಷ್ಟೂ ಇನ್ನೂ ಮೇಲೆ. ಎಂಟರ ಆಸುಪಾಸಿನಲ್ಲಿ ಅದು ಸರಿಯಾಗಿ 72ಕ್ಕೆ ಬಂದು ನಿಲ್ಲುತ್ತದೆ. 2, 3, 4, 6, 8, 9, 12 ಇವೆಲ್ಲವುಗಳಿಂದ ಶೇಷವಿಲ್ಲದೆ ಭಾಗವಾಗುವುದರಿಂದ ಬಾಯಿಲೆಕ್ಕಕ್ಕೂ ಸುಲಭ. ಬ್ಯಾಂಕು, ಅಂಚೆ ಕಚೇರಿಯ ದರಗಳಿಗೆ ಇದನ್ನು ನಂಬಬಹುದು, ನೂರರ ದರಕ್ಕೆ ಖಂಡಿತ ನಂಬಬಾರದು. ದರ ದೊಡ್ಡದಿದ್ದರೆ, ಎಂಟರ ಮೇಲಿನ ಪ್ರತಿ ಮೂರಕ್ಕೆ 72ಕ್ಕೆ ಒಂದು ಕೂಡಿಸು. ಶೇ. 24 ಇದ್ದರೆ ಸುಮಾರು 77 ಹಿಡಿ: ಮೂರು ವರ್ಷದ ಬದಲು ಮೂರು ವರ್ಷ ಎರಡೂವರೆ ತಿಂಗಳು. ಅದೇ ನಿಜ.

ವೀರೇಶ: ಶೇ. 7.5ಕ್ಕೆ ನೋಡಿದೆ. 72 ÷ 7.5 = 9.6 ವರ್ಷ, ಅಂದರೆ 115 ತಿಂಗಳು. ಕಿಸಾನ್ ವಿಕಾಸ ಪತ್ರದ ಹಣ ದುಪ್ಪಟ್ಟಾಗುವ ಅವಧಿಯೂ 115 ತಿಂಗಳೇ ಇದೆ!

ಸಂಗೀತಾ: ಹೌದು, 2023ರ ಏಪ್ರಿಲ್‌ನಿಂದ ಅಷ್ಟೇ ಇದೆ. ಅವರು ಸೂತ್ರ ಹಿಡಿದು ಬರೆದದ್ದಲ್ಲ, ಪೂರ್ತಿ ಲೆಕ್ಕ ಮಾಡಿದರೂ ಅದೇ ಬರುತ್ತದೆ.

ಶರಣಪ್ಪ ಕಾಕಾ: ಲೆಕ್ಕ ಮುಗಿಯಿತು. 1,08,000. 1,16,640. 1,25,971. 1,36,049. 1,46,933. 1,58,687. 1,71,382. 1,85,093. ಒಂಬತ್ತನೆಯ ವರ್ಷ 1,99,900. ಎರಡು ಲಕ್ಷಕ್ಕೆ ನೂರು ರೂಪಾಯಿ ಕಡಿಮೆ. ಎರಡು ಸಲ ಮಾಡಿ ನೋಡಿದೆ.

ಸಂಗೀತಾ: ಅದೇ ರೀತಿ 11.11ಕ್ಕೆ ಮಾಡಿದರೆ ನಿಮ್ಮ ನಾಲ್ಕು ಲಕ್ಷ ಒಂಬತ್ತು ವರ್ಷಕ್ಕೆ ಹತ್ತು ಲಕ್ಷ ಮೂವತ್ತು ಸಾವಿರ ದಾಟಬೇಕು. ದುಪ್ಪಟ್ಟಾಗಲು ಸುಮಾರು ಆರೂವರೆ ವರ್ಷ ಸಾಕು. ಅವರು ಕೊಡುವುದು ಎಂಟು ಲಕ್ಷ. ಅಂಚೆ ಕಚೇರಿಗಿಂತ ಏಳು ತಿಂಗಳು ಬೇಗ ಸಿಗುತ್ತದೆ ಎನ್ನುವುದೊಂದೇ ಅವರ ಕಡೆಯ ಲಾಭ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ, ಅಂಚೆ ಕಚೇರಿಯ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಏಳು ತಿಂಗಳಿಗಾಗಿ ಇಡೀ ವರ್ಷದ ಬೆಳೆಯನ್ನು ಒತ್ತೆ ಇಡಬೇಡಿ ಕಾಕಾ, ಕೈ ಮುಗಿದು ಕೇಳುತ್ತೇನೆ.

ಶರಣಪ್ಪ ಕಾಕಾ: ಸಂಘದವರು ಪರಿಚಯದವರು. ಮೋಸ ಮಾಡುತ್ತಾರೆ ಎಂದು ನಾನು ಹೇಳಲಾರೆ. ಆದರೆ ಎಂಟನ್ನು ಹನ್ನೊಂದು ಎಂದು ಬರೆದದ್ದು ನನಗೆ ಸರಿ ಕಾಣಲಿಲ್ಲ. ಅಂಚೆ ಕಚೇರಿಗೇ ಹೋಗುತ್ತೇನೆ.

ನಾಗಮ್ಮ ಅತ್ತೆ: ಸಂಗೀತಾ, ಒಂದು ಕೇಳಲೇ ಮಗಳೇ? ಮೂರು ವರ್ಷ ಎರಡು ತಿಂಗಳ ಹಿಂದೆ ಮಗಳ ಮದುವೆಗೆ ಐವತ್ತು ಸಾವಿರ ಕೈಗಡ ತಂದಿದ್ದೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಇನ್ನೂ ಏನೂ ಕೊಟ್ಟಿಲ್ಲ. ಈಗ 1,06,000 ಕೊಡು ಎನ್ನುತ್ತಿದ್ದಾರೆ. ನಿನ್ನ 72 ಇದಕ್ಕೆ ನಡೆಯುತ್ತದೆಯೇ?

ಸಂಗೀತಾ: ಅತ್ತೆ, ಮೊದಲೇ ಏಕೆ ಹೇಳಲಿಲ್ಲ? ನಡೆಯುತ್ತದೆ, ತಿಂಗಳ ಲೆಕ್ಕದಲ್ಲಿಯೇ ಮಾಡೋಣ. ಕೊಡದೆ ಉಳಿದ ಬಡ್ಡಿಯನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸಿದರೆ 72 ÷ 2 = 36. ಸುಮಾರು 36 ತಿಂಗಳಿಗೆ ಸಾಲ ದುಪ್ಪಟ್ಟು. ಸೇರಿಸದಿದ್ದರೆ 72 ಅಲ್ಲ, 100ನ್ನು ಭಾಗಿಸಬೇಕು: 50 ತಿಂಗಳು. ನಿಮ್ಮದು 38 ತಿಂಗಳು ಮಾತ್ರ ಆಗಿದೆ, ಆಗಲೇ ಒಂದು ಲಕ್ಷ ದಾಟಿದೆ. ಅಂದರೆ ಅವರು ಸೇರಿಸುತ್ತಾ ಬಂದಿದ್ದಾರೆ. ಹಾಗೆ ಸೇರಿಸಿ ನೋಡಿದೆ, 1,06,115 ಬರುತ್ತದೆ. ಸರಳ ಬಡ್ಡಿಯಾದರೆ ತಿಂಗಳಿಗೆ ಸಾವಿರದಂತೆ 38,000, ಅಸಲು ಸೇರಿ 88,000.

ನಾಗಮ್ಮ ಅತ್ತೆ: ಹದಿನೆಂಟು ಸಾವಿರ ಹೆಚ್ಚು ಕೇಳುತ್ತಿದ್ದಾರೆಯೇ!

ಸಂಗೀತಾ: ಅದು ಮಾತು ಹೇಗಾಗಿತ್ತು ಎನ್ನುವುದರ ಮೇಲೆ ನಿಂತಿದೆ. ಕಾಗದದಲ್ಲಿ ಬಡ್ಡಿಯನ್ನು ಅಸಲಿಗೆ ಸೇರಿಸುತ್ತೇವೆ ಎಂದು ಬರೆದಿದೆಯೇ? ಫೋಟೋ ಕಳುಹಿಸಿ.

ನಾಗಮ್ಮ ಅತ್ತೆ: (ಚಿತ್ರ)

ವೀರೇಶ: ಓದಿದೆ. "ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ" ಎಂದಷ್ಟೇ ಇದೆ. ಸೇರಿಸುವ ಮಾತು ಎಲ್ಲಿಯೂ ಇಲ್ಲ.

ಶರಣಪ್ಪ ಕಾಕಾ: ನಾಗಕ್ಕಾ, ಆ ಕಾಗದ ಜೋಪಾನವಾಗಿಡು. ಸೋಮವಾರ ಅಂಚೆ ಕಚೇರಿಗೆ ಆಮೇಲೆ ಹೋಗುತ್ತೇನೆ, ಮೊದಲು ನಿನ್ನ ಜೊತೆ ಅವರ ಮನೆಗೆ ಬರುತ್ತೇನೆ. ಸಂಗೀತಾ, 38 ತಿಂಗಳ ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಕಳುಹಿಸು.