ಅಪ್‌ಡೇಟ್: ಗೋವಾ ಜನಸಂಖ್ಯೆಯ ಚುಕ್ಕೆ ನಕ್ಷೆಗೆ ಆಯ್ದ ಮೌಲ್ಯ

ನನ್ನ ಪ್ರಶ್ನೆ: ವಾಸ್ಕೋದ ನಮ್ಮ ಕನ್ನಡ ಬಳಗದ ಮಕ್ಕಳಿಗಾಗಿ ಎ4 ಹಾಳೆಯಲ್ಲಿ ಗೋವಾದ ಚುಕ್ಕೆ ನಕ್ಷೆ ಮಾಡುತ್ತಿದ್ದೇನೆ. ಒಂದು ಚುಕ್ಕೆಗೆ ಎಷ್ಟು ಜನ, ಚುಕ್ಕೆ ಎಷ್ಟು ದೊಡ್ಡದಿರಬೇಕು?

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಅತಿ ದಟ್ಟವಾದ ತಾಲ್ಲೂಕಿನಿಂದ ಲೆಕ್ಕ ಆರಂಭಿಸಿ ಎಂಬ ಸಲಹೆಯೇ ದಾರಿ ತೋರಿಸಿತು. 2011ರ ಜನಗಣತಿಯಂತೆ ಮುರಗಾಂವ್ ತಾಲ್ಲೂಕಿನಲ್ಲಿ 1,54,561 ಜನರಿದ್ದು, 1:4,00,000 ಪ್ರಮಾಣದಲ್ಲಿ ಅದು ಹಾಳೆಯ ಮೇಲೆ ಸುಮಾರು 680 ಚದರ ಮಿಲಿಮೀಟರ್ ಮಾತ್ರ ಆವರಿಸುತ್ತದೆ. ಚುಕ್ಕೆಯ ವ್ಯಾಸ 0.8 ಮಿ.ಮೀ. ಎಂದಿಟ್ಟುಕೊಂಡರೆ, ಚುಕ್ಕೆಗೆ 200 ಜನರಂತೆ 773 ಚುಕ್ಕೆಗಳಾಗಿ ಅರ್ಧಕ್ಕಿಂತ ಹೆಚ್ಚು ಜಾಗ ತುಂಬುತ್ತದೆ. ವಾಸ್ಕೋ ನಗರವಂತೂ ಒಂದೇ ಮಸಿಯ ಕಲೆಯಾಗುತ್ತದೆ. 500 ಜನರಂತೆ 309 ಚುಕ್ಕೆಗಳು ಕಾಲು ಭಾಗಕ್ಕಿಂತ ಕಡಿಮೆ ಜಾಗ ತೆಗೆದುಕೊಳ್ಳುವುದರಿಂದ, ನಗರದಲ್ಲಿ ಒಂದಕ್ಕೊಂದು ತಾಗಿದರೂ ಸುತ್ತಲೂ ಬಿಡಿಯಾಗಿ ಕಾಣುತ್ತವೆ.

ಇನ್ನೊಂದು ತುದಿಯಲ್ಲಿ ಕೇವಲ 45,172 ಜನರ ಕಾಣಕೋಣ ತಾಲ್ಲೂಕು. ಅಲ್ಲಿ 1000ದ ಮೌಲ್ಯಕ್ಕೆ 45 ಚುಕ್ಕೆಗಳಷ್ಟೇ ಸಿಗುವುದರಿಂದ ಕರಾವಳಿ, ಒಳನಾಡುಗಳ ವ್ಯತ್ಯಾಸ ಮಸುಕಾಗುತ್ತದೆ. 500ಕ್ಕೆ 90 ಸಿಗುತ್ತವೆ. ಆದ್ದರಿಂದ 500ನ್ನೇ ಉಳಿಸಿಕೊಂಡೆ. ಚುಕ್ಕೆಗಳ ಸಂಖ್ಯೆಗೆ ಬರೆದ ಸೂತ್ರವಿದು, ಇದರಲ್ಲಿ TOT_P ಎಂದರೆ ತಾಲ್ಲೂಕಿನ ಒಟ್ಟು ಜನಸಂಖ್ಯೆ:

```
round("TOT_P" / 500)
```

ಮೌಲ್ಯ ಸರಿಯಿದ್ದರೂ, ತಾಲ್ಲೂಕಿನ ಗಡಿಯೊಳಗೆ ಯಾದೃಚ್ಛಿಕವಾಗಿ ಹಾಕಿದ ಚುಕ್ಕೆಗಳು ಕಾಣಕೋಣದ ಕೋಟಿಗಾಂವ್ ಅಭಯಾರಣ್ಯದ ದಟ್ಟ ಕಾಡಿನಲ್ಲೂ ಬೀಳುತ್ತವೆ. ಒಳಗೆ ಕೆಲವು ವಾಡಿಗಳಿರುವುದರಿಂದ ಅಭಯಾರಣ್ಯವನ್ನು ಪೂರ್ತಿ ಕತ್ತರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬದಲಿಗೆ ವಸತಿ ಪ್ರದೇಶದ ಪದರದೊಳಗೆ ಮಾತ್ರ ಚುಕ್ಕೆಗಳನ್ನು ಹಾಕಿ, ದಟ್ಟ ಊರುಗಳಲ್ಲಿ ಮತ್ತೆ ಒತ್ತೊತ್ತಾದುದಕ್ಕೆ ವ್ಯಾಸವನ್ನು 0.6 ಮಿ.ಮೀ.ಗೆ ಇಳಿಸಿದೆ.