ಬ್ಲರ್ ಮಾಡಿದ ಮೇಲೂ ನಂಬರ್ ಪ್ಲೇಟ್ ಓದೋಕಾಗ್ತಿದೆ

ಪ್ರಶ್ನೆ: ಮನೆ ಮುಂದೆ ತೆಗೆದ ಫೋಟೋ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು. ಹಿಂದೆ ಕಾರು, ಬಾಗಿಲ ಪಕ್ಕ ಮನೆ ನಂಬರು, ಎದುರಿಗೆ ಅಂಗಡಿ ಬೋರ್ಡು ಇದೆ. ಪ್ಲೇಟ್ ಬ್ಲರ್ ಮಾಡಿದೆ. ಹಿಗ್ಗಿಸಿ ನೋಡಿದ್ರೆ ಏನೂ ತಿಳಿಯಲ್ಲ, ಫೋಟೋ ಚಿಕ್ಕದಾದ್ರೆ ನಂಬರ್ ಗೊತ್ತಾಗುತ್ತೆ. ಯಾಕೆ ಸರ್?

ಒಬ್ಬ ಸದಸ್ಯರು: ಬ್ಲರ್ ಬೇಡ, ಚೌಕ ಚೌಕವಾಗಿ ಕಾಣೋ ಮೊಸಾಯಿಕ್ ಹಾಕಿ. ಅದನ್ನ ಯಾರೂ ಬಿಡಿಸೋಕಾಗಲ್ಲ.

ಫೋಟೋ ರೀಟಚರ್: ಬ್ಲರ್ ಅಕ್ಷರವನ್ನು ಅಳಿಸುವುದಿಲ್ಲ, ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹರಡುತ್ತದೆ ಅಷ್ಟೆ. ನಿಮ್ಮ ಪ್ಲೇಟ್ 200 ಪಿಕ್ಸೆಲ್ ಅಗಲ, ಅದರಲ್ಲಿ 10 ಅಕ್ಷರ ಅಂದುಕೊಳ್ಳಿ. ಒಂದಕ್ಕೆ ಸುಮಾರು 20 ಪಿಕ್ಸೆಲ್ ಸಿಕ್ಕಿತು. ಬ್ಲರ್ 3–4 ಪಿಕ್ಸೆಲ್ ಮಾತ್ರ ಇದ್ದರೆ ಅಂಚು ಮೆತ್ತಗಾಗುತ್ತದೆ, ಅಕ್ಷರದ ಆಕಾರ ಉಳಿಯುತ್ತದೆ. ಫೋಟೋ ಕುಗ್ಗಿಸಿದಾಗ ಆ ಮಸುಕೂ ಕುಗ್ಗಿ, ಆಕಾರ ಮತ್ತೆ ಎದ್ದು ಕಾಣುತ್ತದೆ.

ಮೊಸಾಯಿಕ್ಕನ್ನು ನಂಬಬೇಡಿ. ಪ್ಲೇಟಿನ ಅಕ್ಷರಶೈಲಿ, ಅಂತರ, ಎಲ್ಲಿ ಅಂಕಿ ಎಲ್ಲಿ ಅಕ್ಷರ ಎಲ್ಲವೂ ಮೊದಲೇ ಗೊತ್ತಿರುವಂಥದ್ದು. ಒಂದೊಂದೇ ನಂಬರ್ ಬರೆದು, ಅದಕ್ಕೂ ಅದೇ ಅಳತೆಯ ಚೌಕ ಹಾಕಿ, ನಿಮ್ಮ ಚಿತ್ರಕ್ಕೆ ಹೋಲಿಸುತ್ತಾ ಹೋದರೆ ಸಾಕು. ಚೌಕ ಚಿಕ್ಕದಾದಷ್ಟೂ ಸಿಕ್ಕಿಬೀಳುವುದು ಸುಲಭ.

ಮೊದಲು ಪ್ಲೇಟನ್ನು ಅಂಚಿನಾಚೆಗೂ ಸ್ವಲ್ಪ ಸೇರಿಸಿ ಸೆಲೆಕ್ಟ್ ಮಾಡಿ, ಒಂದೇ ಗಟ್ಟಿ ಬಣ್ಣ ತುಂಬಿ. ನೋಡೋಕೆ ಒಡೆದು ಕಂಡರೆ ಅದರ ಮೇಲೆ ಬ್ಲರ್ ಕೊಡಿ, ಆಗ ಅಡಿಯಲ್ಲಿ ನಂಬರೇ ಇರುವುದಿಲ್ಲ. ಮನೆ ನಂಬರಿಗೂ ಇದೇ. ಮೊಬೈಲ್‌ನ ಹೈಲೈಟರ್‌ನಿಂದ ಗೀಚಬೇಡಿ, ಅದು ಅರೆಪಾರದರ್ಶಕ. ಬ್ರೈಟ್‌ನೆಸ್ ಏರಿಸಿದರೆ ಕೆಳಗಿನದು ಕಾಣುತ್ತದೆ.

ಕೊನೆಗೆ ಹೊಸ ಹೆಸರಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಕಂಪ್ಯೂಟರ್‌ನಲ್ಲಿ exiftool ಎಂಬ ಪ್ರೋಗ್ರಾಂ ಹಾಕಿಕೊಂಡು ಇದನ್ನು ಓಡಿಸಿ, photo.jpg ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಕೊಡಿ:

```
exiftool -all= photo.jpg
```

ಕೆಲವು ಎಡಿಟರ್‌ಗಳು ಫೈಲಿನೊಳಗಿನ ಪುಟ್ಟ ಥಂಬ್‌ನೇಲನ್ನು ಬದಲಿಸುವುದೇ ಇಲ್ಲ, ಮುಚ್ಚುವ ಮೊದಲಿನ ಚಿತ್ರ ಅಲ್ಲಿ ಹಾಗೇ ಇರುತ್ತದೆ. ಈ ಕಮಾಂಡ್ ಅದನ್ನೂ ಜಿಪಿಎಸ್ ಸ್ಥಳವನ್ನೂ ತೆಗೆಯುತ್ತದೆ. ಪಕ್ಕದಲ್ಲೇ `photo.jpg_original` ಅಂತ ಹಳೆಯ ಪ್ರತಿ ಉಳಿಯುತ್ತದೆ, ಅದನ್ನು ಕಳಿಸಿಬಿಡಬೇಡಿ.

ಮತ್ತೊಬ್ಬರು: ನನ್ನ ಫೋನಲ್ಲಿ ಫೋಟೋ ಒತ್ತಿ ಹಿಡಿದ್ರೆ ಒಂದೆರಡು ಸೆಕೆಂಡ್ ಅಲುಗಾಡುತ್ತೆ. ಬ್ಲರ್ ಅದಕ್ಕೂ ಬೀಳುತ್ತಾ?

ಫೋಟೋ ರೀಟಚರ್: ಬೀಳುತ್ತದೆ ಅಂತ ನೆಚ್ಚಬೇಡಿ. ಫೋಟೋ ಜೊತೆ ಒಂದು ಚಿಕ್ಕ ವಿಡಿಯೋ ಇದೆ, ಅದರಲ್ಲಿ ಪ್ಲೇಟ್ ತೆರೆದೇ ಇರಬಹುದು. ಮೊದಲು ಸ್ಟಿಲ್ ಆಗಿ ಉಳಿಸಿ, ಆಮೇಲೆ ಮುಚ್ಚಿ.

ಪ್ರಶ್ನೆ ಕೇಳಿದವರು: ಅಂಗಡಿ ಬೋರ್ಡು ಹೇಳಲೇ ಇಲ್ಲ ಸರ್.

ಫೋಟೋ ರೀಟಚರ್: ಅದು ಕಷ್ಟದ್ದು. ಅಕ್ಷರ ಹೋದರೂ ಬಣ್ಣದ ಜೋಡಣೆಯಿಂದಲೇ ಎಷ್ಟೋ ಬೋರ್ಡುಗಳನ್ನು ಗುರುತು ಹಿಡಿಯಬಹುದು. ಬೋರ್ಡಿನ ಬಣ್ಣವನ್ನೇ ತುಂಬಬೇಡಿ, ಪಕ್ಕದ ಗೋಡೆಯ ಬಣ್ಣ ತುಂಬಿ. ಕಾರಿನ ಗಾಜಲ್ಲಿ ಅದೇ ಬೋರ್ಡು ತಿರುಗುಮುರುಗಾಗಿ ಬಿದ್ದಿದೆಯಾ ನೋಡಿ.

ಮೊದಲ ಸದಸ್ಯರು: ಕಟ್ಟಡದ ಆಕಾರ ನೋಡೇ ಜಾಗ ಹೇಳ್ತಾರಲ್ಲ, ಬೋರ್ಡ್ ಮುಚ್ಚಿ ಏನು ಬಂತು?

ಫೋಟೋ ರೀಟಚರ್: ಆ ಬೀದಿ ಬಲ್ಲವರಿಂದ ಮುಚ್ಚಿಡೋಕಾಗಲ್ಲ, ನಿಜ. ಹೆಸರು ಹುಡುಕಿ ಬರುವವರಿಗೆ ಅಡ್ಡಿಯಾಗುತ್ತದೆ. ಬೀದಿಯೇ ಗೊತ್ತಾಗಬಾರದು ಅಂದರೆ ಹಿನ್ನೆಲೆಯನ್ನೇ ಕತ್ತರಿಸಬೇಕು.